ತಲೆಕೆಳಗಾದ ಪಿರಮಿಡ್: ಯುಐ ಟೆಸ್ಟ್‌ಗಳ ಹೊರೆ ಇಳಿಸುವ ಬಗೆ

ಟೆಸ್ಟ್ ಪಿರಮಿಡ್ ಎಂಬುದು ಒಂದು ತಂತ್ರಾಂಶಕ್ಕೆ ಎಂಥ ಪರೀಕ್ಷೆಗಳು ಎಷ್ಟು ಪ್ರಮಾಣದಲ್ಲಿ ಇರಬೇಕು ಎಂಬುದನ್ನು ತೋರಿಸುವ ಚಿತ್ರ. ಮೈಕ್ ಕೋನ್ 2009ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದನ್ನು ಮೂರು ಅಂತಸ್ತುಗಳಾಗಿ ಬಿಡಿಸಿದರು. ತಳದಲ್ಲಿ ಯೂನಿಟ್ ಟೆಸ್ಟ್‌ಗಳಿವೆ. ಪ್ರೋಗ್ರಾಮಿನ ಒಂದು ಪುಟ್ಟ ಭಾಗವನ್ನು ಬೇರೆಯಾಗಿ ತೆಗೆದು, ಇಂಥ ಲೆಕ್ಕ ಕೊಟ್ಟರೆ ಇಂಥ ಉತ್ತರ ಬರುತ್ತದೆಯೇ ಎಂದು ಕೇಳುವ ಪರೀಕ್ಷೆಗಳಿವು. ನಡುವಿನ ಅಂತಸ್ತಿನವು ಸರ್ವಿಸ್ ಟೆಸ್ಟ್‌ಗಳು. ಪರದೆಯ ಹಂಗಿಲ್ಲದೆ ನೇರವಾಗಿ ಸರ್ವರ್‌ಗೆ ಬೇಡಿಕೆ ಕಳಿಸಿ, ಡೇಟಾಬೇಸ್ ಸೇರಿದಂತೆ ಹಲವು ಭಾಗಗಳು ಒಟ್ಟಿಗೆ ಸರಿಯಾಗಿ ನಡೆಯುತ್ತವೆಯೇ ಎಂದು ಇವು ನೋಡುತ್ತವೆ. ತುದಿಯಲ್ಲಿರುವವು ಯುಐ ಟೆಸ್ಟ್‌ಗಳು. ಬ್ರೌಸರ್ ತೆರೆದು, ಗುಂಡಿ ಒತ್ತಿ, ಖಾನೆ ತುಂಬಿ, ಬಳಕೆದಾರ ಮಾಡುವುದನ್ನೆಲ್ಲ ಯಂತ್ರವೇ ಮಾಡಿ ನೋಡುವ ಪರೀಕ್ಷೆಗಳು ಇವು. ತಳ ಅಗಲ, ತುದಿ ಚೂಪು: ಕೋನ್ ಅವರ ಚಿತ್ರದ ಹುರುಳು ಇಷ್ಟೇ.

ಬಹಳಷ್ಟು ತಂಡಗಳಲ್ಲಿ ಈ ಚಿತ್ರ ತಲೆಕೆಳಗಾಗಿ ನಿಂತಿರುತ್ತದೆ. ನೂರಾರು ಯುಐ ಟೆಸ್ಟ್‌ಗಳು, ಅವುಗಳ ಕೆಳಗೆ ಬೆರಳೆಣಿಕೆಯ ಸರ್ವಿಸ್ ಟೆಸ್ಟ್‌ಗಳು, ತಳದಲ್ಲಿ ಯೂನಿಟ್ ಟೆಸ್ಟ್‌ಗಳು ಇದ್ದರೂ ಉಂಟು, ಇಲ್ಲದಿದ್ದರೂ ಇಲ್ಲ. ಈ ಆಕಾರಕ್ಕೆ ಅಲಿಸ್ಟರ್ ಸ್ಕಾಟ್ 2012ರಲ್ಲಿ ಐಸ್‌ಕ್ರೀಮ್ ಕೋನ್ ಎಂದು ಹೆಸರಿಟ್ಟರು. ಇದು ಯಾರೋ ತಪ್ಪು ನಿರ್ಧಾರ ಮಾಡಿದ್ದರಿಂದ ಆಗುವಂಥದ್ದಲ್ಲ. ಪರೀಕ್ಷೆ ಬರೆಯುವವರು ಒಂದು ತಂಡದಲ್ಲಿ, ಪ್ರೋಗ್ರಾಮ್ ಬರೆಯುವವರು ಇನ್ನೊಂದು ತಂಡದಲ್ಲಿ ಇದ್ದಾಗ, ಮೊದಲ ತಂಡದ ಕೈಗೆ ಸಿಗುವುದು ಪರದೆ ಮಾತ್ರ. ಜೊತೆಗೆ 2004ರಿಂದ ಬೆಳೆದುಬಂದ ಸೆಲೆನಿಯಂನಂಥ ಸಾಧನಗಳು ಪರದೆಯ ಮೂಲಕ ಪರೀಕ್ಷಿಸುವುದನ್ನು ಬಹಳ ಸಲೀಸು ಮಾಡಿದವು. ಒಳಗಿನ ಪ್ರೋಗ್ರಾಮ್ ಎಷ್ಟೇ ಗೋಜಲಾಗಿದ್ದರೂ ಅದನ್ನು ಮುಟ್ಟದೆ ಹೊರಗಿನಿಂದಲೇ ಪರೀಕ್ಷೆ ಬರೆಯಬಹುದು. ಮೊದಲ ಇಪ್ಪತ್ತು ಟೆಸ್ಟ್‌ಗಳವರೆಗೆ ಇದು ನಿಜಕ್ಕೂ ಲಾಭದಾಯಕ. ನಷ್ಟ ಕಾಣಿಸಿಕೊಳ್ಳುವುದು ಸಂಖ್ಯೆ ನೂರು ದಾಟಿದ ಮೇಲೆ.

ಆ ನಷ್ಟ ಎಷ್ಟೆಂದು ಅಂಕಿಗಳಲ್ಲಿ ನೋಡಲು ಒಂದು ಕಲ್ಪಿತ ಉದಾಹರಣೆ ಸಾಕು. ಊರಿಂದ ಊರಿಗೆ ಹೋಗುವ ಬಸ್ಸುಗಳ ಟಿಕೆಟ್ ಕಾಯ್ದಿರಿಸುವ ಒಂದು ಜಾಲತಾಣವಿದೆ ಎಂದುಕೊಳ್ಳೋಣ. ಅದಕ್ಕೆ 400 ಯುಐ ಟೆಸ್ಟ್‌ಗಳಿವೆ. ಪ್ರತಿಯೊಂದೂ ಬ್ರೌಸರ್ ತೆರೆದು, ಲಾಗಿನ್ ಆಗಿ, ಊರು ಮತ್ತು ದಿನಾಂಕ ಆರಿಸಿ, ಸೀಟು ಗುರುತಿಸಿ, ಪ್ರಯಾಣಿಕರ ವಿವರ ತುಂಬುತ್ತದೆ. ಒಂದೊಂದಕ್ಕೆ 45 ಸೆಕೆಂಡು ಹಿಡಿಯುತ್ತದೆ. ಒಂದರ ಹಿಂದೆ ಒಂದು ಓಡಿಸಿದರೆ ಒಟ್ಟು 5 ಗಂಟೆ, ನಾಲ್ಕು ಯಂತ್ರಗಳಿಗೆ ಹಂಚಿದರೂ 75 ನಿಮಿಷ ಬೇಕು. ಬೆಳಿಗ್ಗೆ ಹತ್ತಕ್ಕೆ ಮಾಡಿದ ತಿದ್ದುಪಡಿ ಸರಿಯೋ ತಪ್ಪೋ ಎಂದು ಹನ್ನೊಂದೂಕಾಲಿಗೆ ತಿಳಿಯುತ್ತದೆ. ಅಷ್ಟರಲ್ಲಿ ಆ ಪ್ರೋಗ್ರಾಮರ್ ಬೇರೆ ಕೆಲಸಕ್ಕೆ ಇಳಿದಿರುತ್ತಾರೆ, ಉಳಿದವರು ಅದರ ಮೇಲೆ ಮತ್ತೆ ನಾಲ್ಕು ತಿದ್ದುಪಡಿ ಪೇರಿಸಿರುತ್ತಾರೆ.

ನಿಧಾನಕ್ಕಿಂತ ದೊಡ್ಡ ಕೇಡು ಚಂಚಲತೆ. ಪ್ರೋಗ್ರಾಮಿನಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಪರೀಕ್ಷೆಯನ್ನು ಈ ವೃತ್ತಿಯವರು ಫ್ಲೇಕಿ ಟೆಸ್ಟ್ ಎನ್ನುತ್ತಾರೆ. ಒಂದು ಯುಐ ಟೆಸ್ಟ್ ಇನ್ನೂರು ಸಲ ಓಡಿದಾಗ ಒಂದು ಸಲ ಮಾತ್ರ ಹೀಗೆ ಸುಳ್ಳು ಹೇಳುತ್ತದೆ ಎಂದುಕೊಳ್ಳೋಣ. ಅಂದರೆ ಸುಳ್ಳಿನ ಪ್ರಮಾಣ ಶೇ 0.5. ಕೇಳಲು ಸಣ್ಣದು. ಆದರೆ ಅಂಥ 400 ಪರೀಕ್ಷೆಗಳೂ ಒಟ್ಟಿಗೆ ಪಾಸಾಗುವ ಸಂಭವ 0.995ನ್ನು ಅದರಿಂದಲೇ 400 ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 13. ಪ್ರೋಗ್ರಾಮಿನಲ್ಲಿ ಒಂದೂ ದೋಷವಿಲ್ಲದ ದಿನವೂ ನೂರರಲ್ಲಿ 87 ಸಲ ಫಲಿತಾಂಶ ಕೆಂಪಾಗಿಯೇ ಬರುತ್ತದೆ. ಗೂಗಲ್ ಸಂಸ್ಥೆ 2016ರಲ್ಲಿ ತನ್ನದೇ ಅನುಭವವನ್ನು ಬಹಿರಂಗವಾಗಿ ಹೇಳಿಕೊಂಡಿತ್ತು. ಅಲ್ಲಿನ ಪರೀಕ್ಷೆಗಳಲ್ಲಿ ಸುಮಾರು ಶೇ 16ರಷ್ಟಕ್ಕೆ ಒಂದಲ್ಲ ಒಂದು ಮಟ್ಟದ ಚಂಚಲತೆ ಇತ್ತು. ಪಾಸಾಗುತ್ತಿದ್ದ ಪರೀಕ್ಷೆ ಫೇಲಾದ ಸಂದರ್ಭಗಳಲ್ಲಿ ಶೇ 84ರಷ್ಟು ಇಂಥ ಚಂಚಲ ಪರೀಕ್ಷೆಗಳಿಗೆ ಸಂಬಂಧಿಸಿದ್ದವು. ಕೆಂಪು ಬಂದರೆ ಜನ ಕಾರಣ ಹುಡುಕುವುದನ್ನು ಬಿಟ್ಟು ಮತ್ತೆ ಓಡಿಸಿ ನೋಡುವ ಅಭ್ಯಾಸಕ್ಕೆ ಬೀಳುವುದು ಇದರಿಂದಲೇ. ಆ ಅಭ್ಯಾಸ ಬೇರೂರಿದ ಮೇಲೆ ನಿಜವಾದ ದೋಷ ಹಿಡಿದ ಕೆಂಪಿಗೂ ಅದೇ ಗತಿ.

ಫೇಲಾದದ್ದನ್ನು ಯಂತ್ರವೇ ತಾನಾಗಿ ಇನ್ನೊಮ್ಮೆ ಓಡಿಸುವಂತೆ ಮಾಡಿದರೆ ಅಂಕಿ ಸುಧಾರಿಸುವುದು ನಿಜ. ಎರಡು ಸಲವೂ ಸುಳ್ಳು ಬೀಳುವ ಸಂಭವ ತೀರ ಕಡಿಮೆಯಾದ್ದರಿಂದ 400 ಪರೀಕ್ಷೆಗಳ ಓಟ ನೂರರಲ್ಲಿ 99 ಸಲ ಹಸಿರಾಗುತ್ತದೆ. ಆದರೆ ಈ ಉಪಾಯಕ್ಕೆ ತೆರುವ ಬೆಲೆ ಕಣ್ಣಿಗೆ ಕಾಣುವುದಿಲ್ಲ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಸೀಟಿಗೆ ಕೈಹಾಕಿದಾಗ ಆಗೊಮ್ಮೆ ಈಗೊಮ್ಮೆ ಮಾತ್ರ ಹೊರಬೀಳುವ ದೋಷವೂ ಒಮ್ಮೆ ಫೇಲ್, ಒಮ್ಮೆ ಪಾಸ್ ಎಂದೇ ತೋರುತ್ತದೆ. ಮರುಓಟ ಅದನ್ನು ನೆಮ್ಮದಿಯಾಗಿ ಮುಚ್ಚಿಹಾಕುತ್ತದೆ. ಹಾಗಾಗಿ ಮರುಓಟವನ್ನು ತಾತ್ಕಾಲಿಕ ಊರುಗೋಲಾಗಿ ಬಳಸಬಹುದು. ಅದರಿಂದ ಪಾಸಾದ ಪ್ರತಿ ಪರೀಕ್ಷೆಯ ಹೆಸರೂ ಎಲ್ಲೋ ದಾಖಲಾಗುತ್ತಿರಬೇಕು.

ಸರಿಪಡಿಸುವ ಕೆಲಸ ಎಣಿಕೆಯಿಂದ ಶುರುವಾಗಬೇಕು. ಪ್ರತಿ ಪರೀಕ್ಷೆಗೆ ಒಂದು ಸಾಲಿನಂತೆ ಪಟ್ಟಿ ಮಾಡಿ, ಅದಕ್ಕೆ ಹಿಡಿಯುವ ಸಮಯ, ಕಳೆದ 30 ದಿನಗಳಲ್ಲಿ ಎಷ್ಟು ಸಲ ಫೇಲಾಯಿತು, ಅವುಗಳಲ್ಲಿ ನಿಜವಾದ ದೋಷ ಹಿಡಿದದ್ದು ಎಷ್ಟು ಎಂದು ಬರೆಯಬೇಕು. ಇವೆಲ್ಲ ಟೆಸ್ಟ್ ಓಡಿಸುವ ಸರ್ವರ್‌ನ ದಾಖಲೆಗಳಲ್ಲಿ ಸಿಗುತ್ತವೆ. ಸಿಗದ ಕಾಲಂ ಒಂದೇ, ಅತಿ ಮುಖ್ಯವಾದದ್ದೂ ಅದೇ: ಈ ಪರೀಕ್ಷೆ ನಿಜವಾಗಿ ಕೇಳುತ್ತಿರುವ ಪ್ರಶ್ನೆ ಯಾವುದು? ಅದನ್ನು ತುಂಬಲು ಒಬ್ಬರು ಕುಳಿತು ಪರೀಕ್ಷೆಯನ್ನು ಓದಲೇಬೇಕು. ಹೆಸರು ನೋಡಿ ಊಹಿಸಿದರೆ ಸಾಲದು. ಹಿರಿಯ ನಾಗರಿಕರ ರಿಯಾಯಿತಿ ಎಂಬ ಹೆಸರಿನ ಪರೀಕ್ಷೆ ಐದು ಪುಟ ದಾಟಿ ಹೋಗಿ, ಕೊನೆಗೆ ಒಟ್ಟು ಮೊತ್ತದ ಖಾನೆ ಪರದೆಯ ಮೇಲೆ ಕಾಣುತ್ತದೆಯೇ ಎಂದಷ್ಟೇ ನೋಡಿ ಮುಗಿಸಿರುವುದುಂಟು. ಅಂಥದ್ದು ವರ್ಷಗಟ್ಟಲೆ ಪಾಸಾಗುತ್ತ ಬಂದಿದ್ದರೂ ರಿಯಾಯಿತಿಯನ್ನು ಒಂದು ದಿನವೂ ಪರೀಕ್ಷಿಸಿರುವುದಿಲ್ಲ.

ಬಸ್ ಟಿಕೆಟ್ ತಾಣದ 400 ಪರೀಕ್ಷೆಗಳನ್ನು ಹೀಗೆ ಓದಿದಾಗ 230 ಪರೀಕ್ಷೆಗಳ ಪ್ರಶ್ನೆ ಲೆಕ್ಕಕ್ಕೆ ಸಂಬಂಧಿಸಿದ್ದು ಎಂದು ತಿಳಿಯಿತು ಎನ್ನೋಣ: ದರ ಎಷ್ಟು, ಟಿಕೆಟ್ ರದ್ದು ಮಾಡಿದರೆ ವಾಪಸ್ ಎಷ್ಟು, ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ ಇವೆಯೇ. ಇನ್ನು 110 ಪರೀಕ್ಷೆಗಳು ಭಾಗಗಳ ನಡುವಿನ ಹೊಂದಾಣಿಕೆಯನ್ನು ನೋಡುತ್ತವೆ: ಸೀಟು ಡೇಟಾಬೇಸ್‌ನಲ್ಲಿ ದಾಖಲಾಯಿತೇ, ಹಣ ಪಾವತಿಯ ಉತ್ತರ ಬಂದ ಮೇಲೆ ಟಿಕೆಟ್ ಖಚಿತವಾಯಿತೇ. ಪರದೆಯಿಂದಲೇ ಕೇಳಬೇಕಾದ ಪ್ರಶ್ನೆ ಇರುವವು ಉಳಿದ 60 ಮಾತ್ರ. ಪಿರಮಿಡ್ ಸರಿಪಡಿಸುವುದೆಂದರೆ ಪ್ರತಿ ಪ್ರಶ್ನೆಯನ್ನು ಅದಕ್ಕೆ ಉತ್ತರ ಸಿಗುವ ಅತಿ ಕೆಳಗಿನ ಅಂತಸ್ತಿಗೆ ಇಳಿಸುವುದು. ಇಷ್ಟು ಶೇಕಡಾ ಇಲ್ಲಿ, ಇಷ್ಟು ಅಲ್ಲಿ ಎಂದು ಗುರಿ ಇಟ್ಟುಕೊಂಡು ಹೊರಡುವುದಲ್ಲ. ಯೂನಿಟ್ ಶೇ 70, ನಡುವಿನವು ಶೇ 20, ತುದಿಯವು ಶೇ 10 ಎಂಬ ಲೆಕ್ಕ 2015ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರ ಬರಹದಿಂದ ಹೆಚ್ಚು ಪ್ರಚಾರಕ್ಕೆ ಬಂತು. ಅಲ್ಲಿಯೂ ಅದನ್ನು ಕೊಟ್ಟದ್ದು ಮೊದಲ ಅಂದಾಜಾಗಿಯೇ. ಶೇಕಡಾವಾರನ್ನೇ ಗುರಿ ಮಾಡಿಕೊಂಡ ತಂಡ ನಿರುಪಯುಕ್ತ ಯೂನಿಟ್ ಟೆಸ್ಟ್‌ಗಳನ್ನು ಸಾವಿರಗಟ್ಟಲೆ ಬರೆದು ಚಿತ್ರವನ್ನು ಸುಂದರ ಮಾಡಿಬಿಡಬಹುದು.

ಇಳಿಸುವ ಕೆಲಸಕ್ಕೆ ಅಡ್ಡ ಬರುವುದು ಪ್ರೋಗ್ರಾಮಿನ ರಚನೆ. ಯುಐ ಟೆಸ್ಟ್‌ಗಳನ್ನೇ ನಂಬಿ ಬೆಳೆದ ತಂತ್ರಾಂಶದಲ್ಲಿ ದರದ ಲೆಕ್ಕ ಬೇರೆಯಾಗಿ ಇರುವುದೇ ಇಲ್ಲ. ಪುಟ ತೋರಿಸುವ, ಡೇಟಾಬೇಸ್ ಓದುವ, ದರ ಲೆಕ್ಕ ಹಾಕುವ ಸಾಲುಗಳೆಲ್ಲ ಒಂದೇ ಉದ್ದದ ಫಂಕ್ಷನ್‌ನಲ್ಲಿ ಹೆಣೆದುಕೊಂಡಿರುತ್ತವೆ. ಯೂನಿಟ್ ಟೆಸ್ಟ್ ಬರೆಯಲು ಹೊರಟವರಿಗೆ ಹಿಡಿಯಲು ತುದಿಯೇ ಸಿಗುವುದಿಲ್ಲ. ಹಳೆಯ ಪ್ರೋಗ್ರಾಮ್‌ಗಳನ್ನು ಸುರಕ್ಷಿತವಾಗಿ ಬದಲಿಸುವ ಕುರಿತು 2004ರಲ್ಲಿ ಪುಸ್ತಕ ಬರೆದ ಮೈಕೆಲ್ ಫೆದರ್ಸ್ ಇಂಥ ಕಡೆ ಮೊದಲು ಒಂದು ಹೊಲಿಗೆಯನ್ನು ಹುಡುಕಬೇಕು ಎನ್ನುತ್ತಾರೆ. ಸುತ್ತಲಿನದನ್ನು ಹರಿಯದೆ ಎರಡು ಭಾಗಗಳನ್ನು ಬಿಡಿಸಬಹುದಾದ ಜಾಗವದು. ದರದ ಲೆಕ್ಕದ ಸಾಲುಗಳನ್ನು ಅಲ್ಲಿ ಬಿಚ್ಚಿ ಬೇರೆ ಫಂಕ್ಷನ್ ಮಾಡಬೇಕು. ಬೇಕಾದ ಮಾಹಿತಿಯೆಲ್ಲ ಅದಕ್ಕೆ ಹೊರಗಿನಿಂದ ಸಿಗಬೇಕು. ಈ ಬಿಚ್ಚುವ ಕೆಲಸ ನಡೆಯುವಾಗ ಕಾವಲಿಗಿರುವುದು ಹಳೆಯ ಯುಐ ಟೆಸ್ಟ್‌ಗಳೇ. ಅವು ಎಷ್ಟೇ ನಿಧಾನವಾದರೂ ಮೊದಲೇ ಅಳಿಸಿಹಾಕುವುದು ಈ ಪ್ರಯತ್ನದಲ್ಲಿ ತಂಡಗಳು ಮಾಡುವ ಅತಿ ದುಬಾರಿ ತಪ್ಪು.

ಬಿಚ್ಚಿದ ಫಂಕ್ಷನ್‌ಗೆ ಬರೆಯುವ ಮೊದಲ ಪರೀಕ್ಷೆಗಳು ಅದು ಹೇಗಿರಬೇಕು ಎಂಬುದನ್ನು ಕೇಳುವುದಿಲ್ಲ, ಈಗ ಹೇಗಿದೆಯೋ ಅದನ್ನು ದಾಖಲಿಸುತ್ತವೆ. ಉದಾಹರಣೆಯ ತಾಣದಲ್ಲಿ ಹೋಗಿ ಬರುವ ಟಿಕೆಟ್ಟಿನ ವಾಪಸ್ ಪ್ರಯಾಣಕ್ಕೆ ಶೇ 10, ನಾಲ್ಕು ಜನಕ್ಕಿಂತ ಕಡಿಮೆಯಿಲ್ಲದ ಗುಂಪಿಗೆ ಶೇ 5 ರಿಯಾಯಿತಿ ಇದೆ ಎನ್ನೋಣ. ಎರಡಕ್ಕೂ ಅರ್ಹನಾದ ಪ್ರಯಾಣಿಕ 400 ರೂಪಾಯಿಯ ಟಿಕೆಟ್ಟಿಗೆ ಎಷ್ಟು ಕೊಡಬೇಕು? ಒಂದಾದ ಮೇಲೆ ಒಂದು ಕಳೆದರೆ 342 ರೂಪಾಯಿ, ಎರಡನ್ನೂ ಕೂಡಿಸಿ ಶೇ 15 ಕಳೆದರೆ 340 ರೂಪಾಯಿ. ಪ್ರೋಗ್ರಾಮ್ 342 ಎನ್ನುತ್ತದೆ. ಅದು ಉದ್ದೇಶಪೂರ್ವಕವೋ, ಯಾರೋ ಬರೆದ ಸಾಲುಗಳ ಕ್ರಮದಿಂದ ಆದದ್ದೋ ಗೊತ್ತಿಲ್ಲ. ಸದ್ಯಕ್ಕೆ 342 ಎಂದೇ ಪರೀಕ್ಷೆಯಲ್ಲಿ ಬರೆದು, ಪ್ರಶ್ನೆಯನ್ನು ದರ ನಿಗದಿ ಮಾಡುವವರ ಮುಂದಿಡಬೇಕು. ಬಿಚ್ಚುವ ಹೊತ್ತಿನಲ್ಲೇ ತಿದ್ದಲು ಹೊರಟರೆ ಯಾವ ಬದಲಾವಣೆ ಬೇಕೆಂದೇ ಮಾಡಿದ್ದು, ಯಾವುದು ಕೈತಪ್ಪಿ ಆದದ್ದು ಎಂದು ಆಮೇಲೆ ಬೇರ್ಪಡಿಸಲು ಬರುವುದಿಲ್ಲ.

ಹೊಸ ಪರೀಕ್ಷೆಗಳ ರೂಪ ಒಂದು ಕೋಷ್ಟಕದಂತಿರುತ್ತದೆ. ಆರು ವರ್ಷ ತುಂಬದ ಮಕ್ಕಳಿಗೆ ಉಚಿತ, ಆರರಿಂದ ಹನ್ನೆರಡು ತುಂಬುವವರೆಗೆ ಅರ್ಧ ದರ, ಅರವತ್ತು ತುಂಬಿದವರಿಗೆ ಶೇ 25 ರಿಯಾಯಿತಿ ಎಂಬ ನಿಯಮವನ್ನು ಪೈಥಾನ್ ಭಾಷೆಯಲ್ಲಿ ಹೀಗೆ ಪರೀಕ್ಷಿಸಬಹುದು:

```python
import pytest
from fare import fare_for

@pytest.mark.parametrize("age, expected", [
    (5, 0),
    (6, 200),
    (11, 200),
    (12, 400),
    (59, 400),
    (60, 300),
])
def test_fare_by_age(age, expected):
    assert fare_for(base=400, age=age) == expected
```

ಪ್ರೋಗ್ರಾಮಿಂಗ್ ಬಾರದವರೂ ಆವರಣದೊಳಗಿನ ಆರು ಸಾಲುಗಳನ್ನು ಓದಬಹುದು. ಎಡಗಡೆ ವಯಸ್ಸು, ಬಲಗಡೆ ಕೊಡಬೇಕಾದ ಹಣ. 5 ಮತ್ತು 6, 11 ಮತ್ತು 12, 59 ಮತ್ತು 60: ನಿಯಮ ಬದಲಾಗುವ ಗಡಿಯ ಎರಡೂ ಬದಿಯ ವಯಸ್ಸುಗಳನ್ನು ಬೇಕೆಂದೇ ಆರಿಸಲಾಗಿದೆ. ತಪ್ಪುಗಳು ಕೂಡಿರುವುದು ಅಲ್ಲಿಯೇ. ಆರೂ ಪರೀಕ್ಷೆಗಳು ಸೇರಿ ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ ಮುಗಿಯುತ್ತವೆ. ಪರದೆಯ ಮೂಲಕ ಇದೇ ಆರು ಪ್ರಶ್ನೆ ಕೇಳಲು ನಾಲ್ಕೂವರೆ ನಿಮಿಷ ಬೇಕಿತ್ತು. ಆ ದುಬಾರಿಯ ಕಾರಣಕ್ಕೇ ಹಳೆಯ ತಂಡ ಸಾಮಾನ್ಯವಾಗಿ 8, 35, 70ರಂಥ ಮಧ್ಯದ ವಯಸ್ಸುಗಳನ್ನಷ್ಟೇ ನೋಡಿ ಗಡಿಗಳನ್ನು ಬಿಟ್ಟಿರುತ್ತದೆ.

ಬಿಚ್ಚುವಾಗ ಇನ್ನೊಂದು ಸಂಗತಿ ಹೊರಬರುತ್ತದೆ. ವಯಸ್ಸನ್ನು ಲೆಕ್ಕ ಹಾಕುವುದು ಯಾವ ದಿನಕ್ಕೆ? ಹಳೆಯ ಸಾಲುಗಳು `date.today()` ಎಂದು ಸರ್ವರ್‌ನ ಗಡಿಯಾರವನ್ನು ತಾವೇ ನೋಡುತ್ತಿದ್ದವು. ಟಿಕೆಟ್ ಕಾದಿರಿಸಿದ ದಿನ 59, ಪ್ರಯಾಣದ ದಿನ 60 ಆಗುವವರಿಗೆ ರಿಯಾಯಿತಿ ಸಿಗುತ್ತದೆಯೇ ಎಂದು ಪರದೆಯ ಮೂಲಕ ಕೇಳಬೇಕಾದರೆ ಗಡಿಯಾರವನ್ನೇ ಬದಲಿಸಬೇಕಾಗುತ್ತದೆ, ಅದು ಸುಲಭವಲ್ಲ. ಅಷ್ಟೇ ಅಲ್ಲ, ನಿಗದಿತ ಜನ್ಮದಿನಾಂಕವನ್ನು ಬರೆದಿಟ್ಟ ಯುಐ ಟೆಸ್ಟ್ ಎರಡು ವರ್ಷ ಸರಿಯಾಗಿ ನಡೆದು, ಆ ಕಾಲ್ಪನಿಕ ಪ್ರಯಾಣಿಕನಿಗೆ ಅರವತ್ತು ತುಂಬಿದ ಬೆಳಿಗ್ಗೆ ಇದ್ದಕ್ಕಿದ್ದಂತೆ ಫೇಲಾಗುತ್ತದೆ. ಗಡಿಯಾರದಿಂದಾಗುವ ಇನ್ನೊಂದು ತೊಂದರೆ ನಮ್ಮ ದೇಶದಲ್ಲಿ ಹೆಚ್ಚು. ಟೆಸ್ಟ್ ಓಡಿಸುವ ಸರ್ವರ್‌ಗಳು ಬಹುಮಟ್ಟಿಗೆ ಯುಟಿಸಿ ಸಮಯದಲ್ಲಿರುತ್ತವೆ. ಭಾರತದಲ್ಲಿ ಮಧ್ಯರಾತ್ರಿ ಕಳೆದು ದಿನಾಂಕ ಬದಲಾದರೂ ಬೆಳಗಿನ ಐದೂವರೆಯವರೆಗೆ ಅಲ್ಲಿ ಹಿಂದಿನ ದಿನವೇ. ರಾತ್ರಿ ಓಡಿಸಿದಾಗ ಮಾತ್ರ ಫೇಲಾಗಿ ಹಗಲು ಪಾಸಾಗುವ ಪರೀಕ್ಷೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಹುಟ್ಟಿದ ದಿನ ಮತ್ತು ಪ್ರಯಾಣದ ದಿನ ಎರಡನ್ನೂ ಫಂಕ್ಷನ್‌ಗೆ ಹೊರಗಿನಿಂದ ಕೊಡುವಂತೆ ಮಾಡಿದರೆ ಈ ಮೂರೂ ತೊಡಕುಗಳು ಒಟ್ಟಿಗೆ ಬಗೆಹರಿಯುತ್ತವೆ. ಪರೀಕ್ಷೆಗೆ ಅನುಕೂಲವಾಗಲೆಂದು ಮಾಡಿದ ಬದಲಾವಣೆ ಪ್ರೋಗ್ರಾಮನ್ನೇ ಉತ್ತಮಗೊಳಿಸಿದ್ದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ನಡುವಿನ ಅಂತಸ್ತಿಗೆ ಸೇರಬೇಕಾದ 110 ಪರೀಕ್ಷೆಗಳ ಕಥೆ ಬೇರೆ. ಇವುಗಳಲ್ಲಿ ಕೆಲವು ಪ್ರಶ್ನೆಗಳನ್ನು ಪರದೆಯಿಂದ ಕೇಳಲು ಸಾಧ್ಯವೇ ಇರಲಿಲ್ಲ. ಒಂದೇ ಸೀಟಿಗೆ ಇಬ್ಬರು ಒಂದೇ ಕ್ಷಣದಲ್ಲಿ ಕೋರಿಕೆ ಸಲ್ಲಿಸಿದರೆ ಏನಾಗುತ್ತದೆ? ಎರಡು ಬ್ರೌಸರ್‌ಗಳನ್ನು ತೆರೆದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಸುವುದು ಅದೃಷ್ಟದ ಮಾತು. ಸರ್ವಿಸ್ ಟೆಸ್ಟ್‌ನಲ್ಲಿ ಎರಡು ಬೇಡಿಕೆಗಳನ್ನು ನೇರವಾಗಿ ಸರ್ವರ್‌ಗೆ ಏಕಕಾಲಕ್ಕೆ ಕಳಿಸಿ, ಒಂದಕ್ಕೆ ಟಿಕೆಟ್ ಸಿಕ್ಕಿತೆಂಬ `201` ಉತ್ತರವೂ ಇನ್ನೊಂದಕ್ಕೆ ಸೀಟು ಹೋಯಿತೆಂಬ `409` ಉತ್ತರವೂ ಬಂದಿವೆಯೇ ಎಂದು ನೋಡಬಹುದು. ಆಮೇಲೆ ಡೇಟಾಬೇಸ್‌ನಲ್ಲಿ ಆ ಸೀಟಿಗೆ ಒಂದೇ ಒಂದು ದಾಖಲೆ ಇದೆಯೇ ಎಂದು ಎಣಿಸಬಹುದು. ಇಲ್ಲಿ ಬಳಸುವ ಡೇಟಾಬೇಸ್ ನಿಜವಾದದ್ದೇ ಆಗಿರಬೇಕು, ಪ್ರತಿ ಓಟಕ್ಕೂ ಹೊಸದಾಗಿ ತೆರೆದದ್ದಾಗಿರಬೇಕು. ಒಂದೇ ಸೀಟಿಗೆ ಎರಡು ದಾಖಲೆ ಬೀಳದಂತೆ ಕೊನೆಗೆ ತಡೆಯುವುದು ಡೇಟಾಬೇಸ್‌ನ ನಿಯಮವೇ. ಅದನ್ನು ನಕಲಿ ವಸ್ತುವಿನಿಂದ ಬದಲಿಸಿದರೆ ಪರೀಕ್ಷೆಗೆ ಅರ್ಥವಿಲ್ಲ.

ಹಣ ಪಾವತಿಯ ಸೇವೆ ಹೊರಗಿನವರದ್ದು. ಅಲ್ಲಿ ನಕಲಿ ಬೇಕಾಗುತ್ತದೆ. ಪಾವತಿ ಆಯಿತು, ಆಗಲಿಲ್ಲ, ಉತ್ತರವೇ ಬರಲಿಲ್ಲ, ಸೀಟು ಹಿಡಿದಿಡುವ ಹತ್ತು ನಿಮಿಷ ಮುಗಿದ ಮೇಲೆ ಆಯಿತೆಂದು ಉತ್ತರ ಬಂತು ಎಂಬ ನಾಲ್ಕೂ ಸ್ಥಿತಿಗಳನ್ನು ಕೇಳಿದಾಗ ಕೊಡುವ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಂಡರೆ, ಪ್ರಯಾಣಿಕರ ಹಣ ಕಡಿತವಾಗಿಯೂ ಟಿಕೆಟ್ ಸಿಗದ ಸ್ಥಿತಿಯನ್ನು ಬೇಕೆಂದಾಗ ಸೃಷ್ಟಿಸಬಹುದು. ಅಪಾಯ ಇರುವುದು ನಕಲಿ ಹಳತಾಗುವುದರಲ್ಲಿ. ಆ ಸಂಸ್ಥೆ ತನ್ನ ಉತ್ತರದ ನಮೂನೆ ಬದಲಿಸಿದರೆ ನಕಲಿಗೆ ತಿಳಿಯುವುದಿಲ್ಲ, ಪರೀಕ್ಷೆಗಳು ಹಸಿರಾಗಿಯೇ ಉಳಿಯುತ್ತವೆ, ಮುರಿಯುವುದು ನಿಜವಾದ ತಾಣ. ಇದಕ್ಕಾಗಿ ದಿನಕ್ಕೊಮ್ಮೆ ಅದೇ ಪ್ರಶ್ನೆಗಳನ್ನು ಆ ಸಂಸ್ಥೆ ಒದಗಿಸುವ ಪ್ರಾಯೋಗಿಕ ಸರ್ವರ್‌ಗೂ ನಕಲಿಗೂ ಕೇಳಿ ಉತ್ತರಗಳ ನಮೂನೆ ಒಂದೇ ಇದೆಯೇ ಎಂದು ಹೋಲಿಸಬೇಕು. ಒಂದೇ ಕಂಪನಿಯ ಎರಡು ತಂಡಗಳ ಸರ್ವರ್‌ಗಳ ನಡುವೆ ಇಂಥ ಒಪ್ಪಂದ ಕಾಯಲು ಪ್ಯಾಕ್ಟ್‌ನಂಥ ಸಾಧನಗಳಿವೆ.

ಕೆಳಗೆ ಹೊಸ ಪರೀಕ್ಷೆ ಬರೆದಾಯಿತು ಎಂದಮಾತ್ರಕ್ಕೆ ಮೇಲಿನದನ್ನು ಅಳಿಸಬಹುದೇ? ಅಳಿಸಲು ಪುರಾವೆ ಬೇಕು. ಅದನ್ನು ಪಡೆಯುವ ದಾರಿ ಸರಳ: ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ ನೋಡುವುದು. ವಯಸ್ಸು 60 ಅಥವಾ ಹೆಚ್ಚು ಎಂದಿರುವಲ್ಲಿ 60ಕ್ಕಿಂತ ಹೆಚ್ಚು ಎಂದು, ಅಂದರೆ `>=` ಇರುವ ಕಡೆ `>` ಎಂದು ಬದಲಿಸಿ ಕೆಳಗಿನ ಪರೀಕ್ಷೆಗಳನ್ನು ಓಡಿಸಬೇಕು. ಅವು ಕೆಂಪಾದರೆ ಆ ಪ್ರಶ್ನೆಗೆ ಕೆಳಗೆ ಕಾವಲಿದೆ ಎಂದರ್ಥ, ಮೇಲಿನದು ಹೋಗಬಹುದು. ಹಸಿರಾಗಿಯೇ ಉಳಿದರೆ ಹೊಸ ಪರೀಕ್ಷೆಯಲ್ಲಿ ತೂತಿದೆ. ಹೀಗೆ ಕೆಡಿಸಿ ನೋಡುವುದನ್ನು ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಜಾವಾದಲ್ಲಿ ಪಿಟ್, ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರೈಕರ್, ಪೈಥಾನ್‌ನಲ್ಲಿ ಮ್ಯುಟ್‌ಮಟ್ ಎಂಬ ಸಾಧನಗಳು ಇಂಥ ಬದಲಾವಣೆಗಳನ್ನು ತಾವೇ ನೂರಾರು ಮಾಡಿ ವರದಿ ಕೊಡುತ್ತವೆ. ಎಷ್ಟು ಸಾಲು ಪರೀಕ್ಷೆಯಲ್ಲಿ ಓಡಿದವು ಎಂದು ಹೇಳುವ ಕವರೇಜ್ ಅಂಕಿಗಿಂತ ಈ ವರದಿ ಹೆಚ್ಚು ನಂಬಿಕೆಗೆ ಅರ್ಹ. ಓಡಿದ ಸಾಲಿನ ಉತ್ತರವನ್ನು ಯಾರಾದರೂ ನೋಡಿದರೋ ಇಲ್ಲವೋ ಎಂಬುದು ಕವರೇಜ್‌ಗೆ ಗೊತ್ತಿರುವುದಿಲ್ಲ.

ಅಳಿಸುವ ಹಂತದಲ್ಲಿ ತಂಡದೊಳಗೆ ಹಿಂಜರಿಕೆ ಸಹಜ. ಒಬ್ಬರು ವರ್ಷಗಳ ಕಾಲ ಕಷ್ಟಪಟ್ಟು ಬರೆದು ಕಾಪಾಡಿಕೊಂಡು ಬಂದ ಪರೀಕ್ಷೆಗಳವು. ಅವರನ್ನು ಬದಿಗಿಟ್ಟು ಅಳಿಸಿದರೆ ಕೆಲಸ ನಿಲ್ಲುತ್ತದೆ, ಅಷ್ಟೇ ಅಲ್ಲ, ಜ್ಞಾನವೂ ಹೋಗುತ್ತದೆ. ಆ ಯುಐ ಟೆಸ್ಟ್‌ಗಳಲ್ಲಿ ಹುದುಗಿರುವ ನಿಯಮಗಳು ಇನ್ನೆಲ್ಲೂ ಬರೆದಿರುವುದಿಲ್ಲ. ಅವನ್ನು ಬರೆದವರೂ ಪ್ರೋಗ್ರಾಮ್ ಬರೆದವರೂ ಜೊತೆಗೆ ಕುಳಿತು ಒಂದೊಂದು ಗುಂಪನ್ನಾಗಿ ಇಳಿಸುವುದು ಸರಿಯಾದ ಕ್ರಮ: ಮೊದಲು ದರ, ಅದು ಮುಗಿದ ಮೇಲೆ ರದ್ದತಿ, ಆಮೇಲೆ ಸೀಟು. ಹೊಸ ಲೆಕ್ಕದ ನಿಯಮಕ್ಕೆ ಯುಐ ಟೆಸ್ಟ್ ಬರೆಯುವುದನ್ನು ಮೊದಲ ದಿನದಿಂದಲೇ ನಿಲ್ಲಿಸದಿದ್ದರೆ ಒಂದು ಕಡೆ ಬಗೆದ ನೀರು ಇನ್ನೊಂದು ಕಡೆಯಿಂದ ತುಂಬುತ್ತಲೇ ಇರುತ್ತದೆ.

ಉಳಿಯುವ ಯುಐ ಟೆಸ್ಟ್‌ಗಳು ಯಾವುವು? 60ರಲ್ಲಿಯೂ ಒಂದೇ ದಾರಿಯಲ್ಲಿ ನಡೆಯುವವು ಹಲವಿದ್ದು, ಅವನ್ನು ಸೇರಿಸಿದರೆ 30 ಉಳಿಯುತ್ತವೆ ಎನ್ನೋಣ. ಹುಡುಕಿ, ಸೀಟು ಆರಿಸಿ, ಹಣ ಕಟ್ಟಿ ಟಿಕೆಟ್ ಪಡೆಯುವುದು, ಪಡೆದ ಟಿಕೆಟ್ ರದ್ದು ಮಾಡುವುದು, ಪಾವತಿ ವಿಫಲವಾದಾಗ ಸ್ಪಷ್ಟ ಸಂದೇಶ ಕಾಣುವುದು, ಪಾಸ್‌ವರ್ಡ್ ಮರೆತವರು ಮತ್ತೆ ಒಳಬರುವುದು: ಮುರಿದರೆ ತಾಣವೇ ಮುಚ್ಚಿದಂತಾಗುವ ದಾರಿಗಳಿವು. ದರ ಸರಿಯೇ ಎಂದು ಇವು ಕೇಳುವುದಿಲ್ಲ, ಸರ್ವರ್ ಹೇಳಿದ ದರವೇ ಪರದೆಯ ಮೇಲೆ ಕಾಣುತ್ತದೆಯೇ ಎಂದು ಕೇಳುತ್ತವೆ.

ಈ 30ರ ಚಂಚಲತೆಯನ್ನೂ ಇಳಿಸಬೇಕು. ಅದರ ಅತಿ ಸಾಮಾನ್ಯ ಮೂಲ ಕಾಯುವ ಬಗೆ. ಪುಟ ತೆರೆಯಲೆಂದು `sleep(5)` ಬರೆದು ಐದು ಸೆಕೆಂಡು ಸುಮ್ಮನೆ ಕೂರುವ ಪರೀಕ್ಷೆ, ಪುಟ ಒಂದೇ ಸೆಕೆಂಡಿಗೆ ಬಂದ ದಿನ ನಾಲ್ಕು ಸೆಕೆಂಡು ಹಾಳು ಮಾಡುತ್ತದೆ, ಆರು ಸೆಕೆಂಡು ತಡವಾದ ದಿನ ಸುಳ್ಳು ಹೇಳುತ್ತದೆ. ಇಂಥ ಗುಂಡಿ ಕಾಣಿಸಿಕೊಂಡು ಒತ್ತಲು ಸಿದ್ಧವಾಗುವವರೆಗೆ ಕಾಯಬೇಕು ಎಂದು ಬರೆಯುವುದು ಸರಿಯಾದ ಕ್ರಮ. ಪ್ಲೇರೈಟ್‌ನಂಥ ಹೊಸ ಸಾಧನಗಳು ಹೀಗೆ ತಾವೇ ಕಾಯುತ್ತವೆ. ಎರಡನೆಯ ಮೂಲ ಗುಂಡಿಯನ್ನು ಗುರುತಿಸುವ ಬಗೆ. ಮೂರನೆಯ ಚೌಕದೊಳಗಿನ ಎರಡನೆಯ ಗುಂಡಿ ಎಂದು ಜಾಗದ ಲೆಕ್ಕದಲ್ಲಿ ಗುರುತಿಸಿದರೆ, ವಿನ್ಯಾಸ ತುಸು ಸರಿದಾಗ ಪರೀಕ್ಷೆ ದಾರಿ ತಪ್ಪುತ್ತದೆ. ಗುಂಡಿಗೆ `data-testid="pay-now"` ಎಂಬಂಥ ಶಾಶ್ವತ ಗುರುತು ಕೊಟ್ಟರೆ, ಅದರ ಬಣ್ಣ, ಜಾಗ, ಅದರ ಮೇಲಿನ ಬರಹ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಾದರೂ ತೊಂದರೆಯಿಲ್ಲ. ಮೂರನೆಯದು ಹಂಚಿಕೊಂಡ ಮಾಹಿತಿ. ಎಲ್ಲ ಪರೀಕ್ಷೆಗಳೂ ಒಂದೇ ಬಳಕೆದಾರನ ಖಾತೆ, ಒಂದೇ ಬಸ್ಸು ಬಳಸಿದರೆ ಒಂದು ಹಿಡಿದ ಸೀಟು ಇನ್ನೊಂದಕ್ಕೆ ಸಿಗುವುದಿಲ್ಲ. ಪ್ರತಿ ಪರೀಕ್ಷೆಯೂ ಶುರುವಿನಲ್ಲಿ ತನ್ನದೇ ಬಳಕೆದಾರನನ್ನೂ ಬಸ್ಸನ್ನೂ ನೇರವಾಗಿ ಸರ್ವರ್ ಮೂಲಕ ಸೃಷ್ಟಿಸಿಕೊಳ್ಳಬೇಕು. ಇದರಿಂದ ಪ್ರತಿ ಸಲ ಲಾಗಿನ್ ಪುಟ ದಾಟುವ ಸಮಯವೂ ಉಳಿಯುತ್ತದೆ.

ಲೆಕ್ಕವನ್ನು ಮತ್ತೆ ಹಾಕಿದರೆ: 30 ಯುಐ ಟೆಸ್ಟ್‌ಗಳು, ಒಂದೊಂದಕ್ಕೆ ಹಳೆಯ 45 ಸೆಕೆಂಡನ್ನೇ ಹಿಡಿದರೂ ನಾಲ್ಕು ಯಂತ್ರಗಳಲ್ಲಿ 6 ನಿಮಿಷದೊಳಗೆ ಮುಗಿಯುತ್ತವೆ. ಸುಳ್ಳಿನ ಪ್ರಮಾಣ ಹಳೆಯ ಶೇ 0.5ರಲ್ಲೇ ಉಳಿದರೂ ದೋಷವಿಲ್ಲದ ದಿನ ಎಲ್ಲವೂ ಹಸಿರಾಗುವ ಸಂಭವ ಶೇ 86. ಮೇಲಿನ ಮೂರು ತಿದ್ದುಪಡಿಗಳಿಂದ ಅದು ಶೇ 0.1ಕ್ಕೆ ಇಳಿದರೆ ಶೇ 97. ಕೆಳಗಿನ ಎರಡು ಅಂತಸ್ತುಗಳಲ್ಲಿ ಪರೀಕ್ಷೆಗಳ ಸಂಖ್ಯೆ ಹಿಂದಿನ 400ಕ್ಕಿಂತ ಹೆಚ್ಚಾದರೂ ಅವು ಪ್ರೋಗ್ರಾಮರ್ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತವೆ. ಆಮೇಲೆ ಬಂದ ಕೆಂಪನ್ನು ಜನ ನಂಬಿ ಕಾರಣ ಹುಡುಕತೊಡಗುತ್ತಾರೆಯೇ ಎಂಬುದೇ ಕೆಲಸ ಫಲಿಸಿದ್ದಕ್ಕೆ ನಿಜವಾದ ಗುರುತು. ಬಳಕೆದಾರರ ಕೈಗೆ ತಲುಪಿದ ದೋಷಗಳ ಸಂಖ್ಯೆಯನ್ನೂ ಜೊತೆಗೆ ಗಮನಿಸಬೇಕು. ಓಟ ವೇಗವಾಗಿ, ಆ ಸಂಖ್ಯೆ ಏರಿದರೆ ಯಾವುದೋ ಪ್ರಶ್ನೆ ಇಳಿಸುವಾಗ ಬಿದ್ದುಹೋಗಿದೆ.

ಬಿದ್ದುಹೋಗುವುದು ಹೆಚ್ಚಾಗಿ ಯೂನಿಟ್ ಟೆಸ್ಟ್‌ಗಳಲ್ಲಿ ನಕಲಿಗಳ ಬಳಕೆ ಅತಿಯಾದಾಗ. ಒಂದು ಫಂಕ್ಷನ್ ಸುತ್ತಲಿನ ಎಲ್ಲವನ್ನೂ ನಕಲಿ ಮಾಡಿ, ಅದು ಇನ್ನೊಂದು ಫಂಕ್ಷನ್ ಅನ್ನು ಕರೆಯಿತೇ ಎಂದಷ್ಟೇ ನೋಡುವ ಪರೀಕ್ಷೆ ಪ್ರೋಗ್ರಾಮಿನ ಸಾಲುಗಳನ್ನೇ ಇನ್ನೊಮ್ಮೆ ಬರೆದಂತೆ. ಒಳರಚನೆ ತುಸು ಬದಲಿಸಿದರೂ ಅದು ಮುರಿಯುತ್ತದೆ, ಆದರೆ ಉತ್ತರ ತಪ್ಪಾದರೆ ಸುಮ್ಮನಿರುತ್ತದೆ. ಯುಐ ಟೆಸ್ಟ್‌ನ ಎರಡೂ ಕೇಡುಗಳಲ್ಲಿ ಸುಲಭವಾಗಿ ಮುರಿಯುವ ಗುಣವನ್ನು ಉಳಿಸಿಕೊಂಡು ಅದರ ಪ್ರಯೋಜನವನ್ನು ಮಾತ್ರ ಬಿಟ್ಟುಕೊಟ್ಟಂತೆ ಇದು.

ಪಿರಮಿಡ್ ಎಲ್ಲ ತಂತ್ರಾಂಶಕ್ಕೂ ಹೊಂದುವ ಆಕಾರವೂ ಅಲ್ಲ. ಸ್ವಂತ ಲೆಕ್ಕ ಕಡಿಮೆಯಿದ್ದು, ಒಂದು ಕಡೆಯಿಂದ ಮಾಹಿತಿ ತಂದು ಇನ್ನೊಂದು ಕಡೆಗೆ ಕೊಡುವುದೇ ಮುಖ್ಯ ಕೆಲಸವಾದ ಚಿಕ್ಕ ಸರ್ವರ್‌ಗಳಲ್ಲಿ ದೋಷ ಹುಟ್ಟುವುದು ಹೊಂದಾಣಿಕೆಯಲ್ಲೇ. ಅಲ್ಲಿ ನಡುವಿನ ಅಂತಸ್ತೇ ಅತಿ ಅಗಲವಾಗಿರುವುದು ಸರಿ. ಸ್ಪಾಟಿಫೈ ಎಂಜಿನಿಯರ್‌ಗಳು 2018ರಲ್ಲಿ ಈ ಕಾರಣಕ್ಕೇ ಜೇನುಗೂಡಿನ ಆಕಾರವನ್ನು ಮುಂದಿಟ್ಟರು. ಚಿತ್ರ ಬಿಡಿಸುವ ತಂತ್ರಾಂಶದಂತೆ ಪರದೆಯಲ್ಲೇ ಎಲ್ಲ ಜೀವ ಇರುವ ಕಡೆ ಯುಐ ಟೆಸ್ಟ್‌ಗಳು ಹೆಚ್ಚಿದ್ದರೆ ಅದು ರೋಗವಲ್ಲ.

ಪರೀಕ್ಷೆಗಳನ್ನು ದಿನವೂ ರಿಪೇರಿ ಮಾಡುವ ಕೆಲಸ ತಪ್ಪಿದ ಟೆಸ್ಟರ್‌ಗಳಿಗೆ ಯಂತ್ರಕ್ಕೆ ಆಗದ ಕೆಲಸ ಕಾದಿದೆ. ಚಿಕ್ಕ ಫೋನಿನಲ್ಲಿ ಕೀಬೋರ್ಡ್ ಮೇಲೆದ್ದಾಗ ಪಾವತಿಯ ಗುಂಡಿ ಅದರ ಹಿಂದೆ ಮರೆಯಾಗುವುದು, ಕನ್ನಡದಲ್ಲಿ ಉದ್ದವಾದ ಊರಿನ ಹೆಸರು ಖಾನೆಯಲ್ಲಿ ಅರ್ಧಕ್ಕೆ ಕತ್ತರಿಸಿಹೋಗುವುದು, ನೆಟ್‌ವರ್ಕ್ ಮಂದವಾದಾಗ ಪ್ರಯಾಣಿಕ ಹಣ ಹೋಯಿತೋ ಇಲ್ಲವೋ ತಿಳಿಯದೆ ಗುಂಡಿಯನ್ನು ಮತ್ತೆ ಒತ್ತುವುದು: ಇವನ್ನು ಆ 400 ಯುಐ ಟೆಸ್ಟ್‌ಗಳಲ್ಲಿ ಯಾವುದೂ ಕೇಳಿರಲಿಲ್ಲ. ಇವುಗಳನ್ನು ಕಂಡುಹಿಡಿಯಲು ಈಗಲೂ ಒಬ್ಬ ಮನುಷ್ಯ ಫೋನು ಕೈಯಲ್ಲಿ ಹಿಡಿದು ಟಿಕೆಟ್ ಕಾದಿರಿಸಿ ನೋಡಬೇಕು.